ಮುಟ್ಟು ನಿಲ್ಲಿಸಿದ ಮಾತ್ರೆ, ಮುಟ್ಟು ಬರಿಸುವ ಮಾತ್ರೆ

ನಾಲ್ಕನೆಯ ಚೀಟಿಯ ಮಾತ್ರೆಗಳಿಗಾಗಿ ಆ ತಾಯಿ ಇವತ್ತು ಎರಡನೆಯ ಸಲ ನಮ್ಮ ಅಂಗಡಿಗೆ ಬಂದಿದ್ದರು. ಮಗಳಿಗೆ ಮೊನ್ನೆ ಮುಟ್ಟಾಯಿತೆಂದು ಹೇಳುವಾಗ ಅವರ ಮುಖದಲ್ಲಿದ್ದ ನಿರಾಳವನ್ನು ಕಂಡು ಸಂತೋಷಪಡಬೇಕಾಗಿದ್ದ ನಾನು, ಅವರು ಹೋದ ಮೇಲೆ ಸಿಟ್ಟಿನಿಂದ ಕುದಿಯುತ್ತ ಕುಳಿತೆ. ಮೊದಲ ಮೂರು ಚೀಟಿಗಳನ್ನು ಬರೆದವರಲ್ಲಿ ಯಾರಾದರೂ ಒಬ್ಬರು ಉಳಿದ ಎರಡನ್ನು ಕೇಳಿ ಓದಿದ್ದರೆ ನಾಲ್ಕನೆಯದರ ಅಗತ್ಯವೇ ಬೀಳುತ್ತಿರಲಿಲ್ಲ. ಔಷಧದ ಅಂಗಡಿಯಲ್ಲಿ ಕುಳಿತವಳಿಗೆ ಚೀಟಿಯ ಮೇಲೆ ಅಭಿಪ್ರಾಯವೇಕೆ ಎಂದು ಕೇಳುವವರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಇಲ್ಲವೆಂದುಕೊಂಡು ಬರೆಯುತ್ತಿದ್ದೇನೆ.

ಮೊದಲ ಚೀಟಿ ಮನೋವೈದ್ಯರದು. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಹೆದರಿ ಕೋಣೆ ಬಿಟ್ಟು ಹೊರಗೆ ಬರಲೊಲ್ಲದ ಹುಡುಗಿಗೆ ರಾತ್ರಿ ರಿಸ್ಪೆರಿಡೋನ್ 4 ಮಿಲಿಗ್ರಾಂ ಬರೆದಿದ್ದರು. ಅದರಿಂದ ಕೈ ನಡುಗಬಹುದೆಂಬ ಮುಂದಾಲೋಚನೆಯಿಂದ ಟ್ರೈಹೆಕ್ಸಿಫೆನಿಡಿಲ್ ಕೂಡ ಇತ್ತು. ಹುಡುಗಿ ಚೇತರಿಸಿಕೊಂಡಳು, ಊಟ ಮಾಡತೊಡಗಿದಳು, ಮತ್ತೆ ಕಾಲೇಜಿಗೆ ಹೋಗುವ ಮಾತಾಡಿದಳು. ಎರಡನೆಯ ಚೀಟಿ ಹೊಟ್ಟೆಯುಬ್ಬರಕ್ಕೆಂದು ಬೇರೊಬ್ಬ ವೈದ್ಯರು ಬರೆದದ್ದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ‘ಗ್ಯಾಸ್ಟ್ರಿಕ್ ಕ್ಯಾಪ್ಸೂಲ್’ ಅದು, ಒಳಗಿರುವುದು ರಾಬೆಪ್ರಜೋಲ್ ಮತ್ತು 75 ಮಿಲಿಗ್ರಾಂ ಲೆವೊಸಲ್ಪಿರೈಡ್. ಮೂರನೆಯದು ಸ್ತ್ರೀರೋಗ ತಜ್ಞರದು. ಐದು ತಿಂಗಳಿಂದ ಮುಟ್ಟಾಗಿಲ್ಲ ಎಂದಾಗ ಸ್ಕ್ಯಾನ್ ಮಾಡಿಸಿ, ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ ಎಂದು ತೋರಿಸಿ, ಪಿಸಿಒಡಿ ಎಂದು ಬರೆದು, ಮೆಟ್‌ಫಾರ್ಮಿನ್ ಜೊತೆಗೆ ಮುಟ್ಟು ಬರಿಸಲು ಐದು ದಿನ ನೊರೆಥಿಸ್ಟಿರೋನ್ ಕೊಟ್ಟಿದ್ದರು.

ಮಾತ್ರೆ ಮುಗಿದು ಎರಡು ವಾರವಾದರೂ ಮುಟ್ಟಾಗಲಿಲ್ಲ. ಆಗ ಆ ತಾಯಿ ಅಂಗಡಿಯಲ್ಲಿ ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬಂದು, “ಮೇಡಂ, ಅವಳ ಕುಪ್ಪಸದ ಮೇಲೆ ಹಾಲಿನ ಕಲೆ ಕಂಡೆ. ನಾನು ಅವಳನ್ನ ಏನಂತ ಕೇಳಲಿ?” ಎಂದರು. ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಲೆಯಿಂದ ಈಗಷ್ಟೇ ತಲೆಯೆತ್ತಿದ, ಯಾರೋ ತನ್ನನ್ನು ಅನುಮಾನಿಸುತ್ತಾರೆ ಎಂಬುದೇ ಕಾಯಿಲೆಯಾಗಿದ್ದ ಹುಡುಗಿಯನ್ನು ಈಗ ಹೆತ್ತ ತಾಯಿಯೇ ನಿಜವಾಗಿ ಅನುಮಾನಿಸುವಂತಾಗಿತ್ತು.

ನಡೆದದ್ದೇನೆಂಬುದು ಕಗ್ಗಂಟೇನಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಬಾಣಂತಿಯರಲ್ಲಿ ಹಾಲು ಉತ್ಪತ್ತಿಯಾಗುವುದು ಅದರಿಂದಲೇ. ಉಳಿದ ಕಾಲದಲ್ಲಿ ಅದನ್ನು ಅಂಕೆಯಲ್ಲಿಟ್ಟಿರುವುದು ಮೇಲಿನಿಂದ ಇಳಿದುಬರುವ ಡೋಪಮಿನ್. ರಿಸ್ಪೆರಿಡೋನ್ ಭ್ರಮೆಯನ್ನು ತಗ್ಗಿಸುವುದು ಮಿದುಳಿನಲ್ಲಿ ಡೋಪಮಿನ್ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುವುದರ ಮೂಲಕ. ಆದರೆ ಪಿಟ್ಯುಟರಿಯಲ್ಲಿರುವ ಅದೇ ಬಗೆಯ ಜಾಗಗಳನ್ನೂ ಅದು ಬಿಡುವುದಿಲ್ಲವಾದ್ದರಿಂದ ಅಲ್ಲಿ ಅಂಕೆ ತಪ್ಪಿ ಪ್ರೊಲ್ಯಾಕ್ಟಿನ್ ಏರುತ್ತದೆ. ಏರಿದ ಪ್ರೊಲ್ಯಾಕ್ಟಿನ್, ಅಂಡಾಶಯವನ್ನು ತಿಂಗಳು ತಿಂಗಳು ಎಚ್ಚರಿಸುವ ಸಂಕೇತಗಳನ್ನು ಮಿದುಳಿನ ಮಟ್ಟದಲ್ಲೇ ಕುಗ್ಗಿಸಿಬಿಡುತ್ತದೆ. ಅಂಡ ಬಿಡುಗಡೆಯಾಗುವುದಿಲ್ಲ, ಈಸ್ಟ್ರೊಜೆನ್ ಇಳಿಯುತ್ತದೆ, ಮುಟ್ಟು ಮೊದಲು ತಡವಾಗಿ ಆಮೇಲೆ ನಿಂತೇ ಹೋಗುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಗೆ ಕೆಲವು ಕಾಲ ಮುಟ್ಟಾಗದಿರುವುದೂ ಬಹುಮಟ್ಟಿಗೆ ಇದೇ ದಾರಿಯಲ್ಲಿ. ನೊರೆಥಿಸ್ಟಿರೋನ್ ಕೊಟ್ಟರೂ ಮುಟ್ಟಾಗದೇ ಹೋದದ್ದಕ್ಕೆ ಕಾರಣವೂ ಇಲ್ಲೇ ಇದೆ. ಆ ಮಾತ್ರೆ ನಿಲ್ಲಿಸಿದಾಗ ಕಳಚಿ ಬೀಳಬೇಕಾದರೆ ಗರ್ಭಕೋಶದ ಒಳಪದರ ಮೊದಲು ಬೆಳೆದಿರಬೇಕು, ಅದನ್ನು ಬೆಳೆಸುವ ಈಸ್ಟ್ರೊಜೆನ್ನೇ ಈ ಹುಡುಗಿಯ ಮೈಯಲ್ಲಿ ತಳ ಕಂಡಿತ್ತು.

ಇನ್ನು ಆ ಹೊಟ್ಟೆಯ ಕ್ಯಾಪ್ಸೂಲ್. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇದರ ಮೇಲೆಯೇ. ಲೆವೊಸಲ್ಪಿರೈಡ್ ಹುಟ್ಟಾ ಮನೋರೋಗದ ಔಷಧಗಳ ಮನೆತನದ್ದು. ಅಮಿಸಲ್ಪ್ರೈಡ್‌ಗೆ ಹತ್ತಿರದ ಸಂಬಂಧಿ. ಜಠರವನ್ನು ಚುರುಕುಗೊಳಿಸುತ್ತದೆ ಎಂಬ ಒಂದು ಗುಣವನ್ನು ಹಿಡಿದು ನಮ್ಮಲ್ಲಿ ಅದನ್ನು ಆಮ್ಲ ತಗ್ಗಿಸುವ ಔಷಧದೊಂದಿಗೆ ಒಂದೇ ಕ್ಯಾಪ್ಸೂಲಿನಲ್ಲಿ ತುಂಬಿ ಮಾರುತ್ತಾರೆ. ಅದೂ ಡೋಪಮಿನ್ನಿನ ಜಾಗವನ್ನೇ ಹಿಡಿಯುತ್ತದೆ, ಅದೂ ಪ್ರೊಲ್ಯಾಕ್ಟಿನ್ನನ್ನು ಚೆನ್ನಾಗಿಯೇ ಏರಿಸುತ್ತದೆ. ಮಾನಸಿಕ ಕಾಯಿಲೆಯ ಸುಳಿವೇ ಇಲ್ಲದ, ಮದುವೆ ಮನೆಯ ಊಟ ಜೀರ್ಣವಾಗಲಿಲ್ಲವೆಂದು ಇದನ್ನು ಶುರುಮಾಡಿ ತಿಂಗಳುಗಟ್ಟಲೆ ಬಿಡದ ಹೆಂಗಸರಿಗೂ ಮುಟ್ಟು ಏರುಪೇರಾಗುತ್ತದೆ, ಎದೆಯಲ್ಲಿ ಹಾಲು ಒಸರುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಪಟ್ಟಿಯ ಮೇಲೆ ಕೆಂಪು ಗೆರೆಯೊಂದಿಗೆ ಅಚ್ಚಾಗಿದ್ದರೂ, ಹಳೆಯ ಖಾಲಿ ಪಟ್ಟಿಯನ್ನು ತೋರಿಸಿ “ಇದೇ ಹತ್ತು ಕೊಡಿ” ಎನ್ನುವವರನ್ನು ನಾನು ವಾಪಸು ಕಳಿಸಿದರೆ ಎದುರಿನ ಅಂಗಡಿಯಲ್ಲಿ ಕೊಡುತ್ತಾರೆ. ಹೀಗೆ ಒಂದೇ ಬಾಗಿಲನ್ನು ಎರಡು ಕಡೆಯಿಂದ ಮುಚ್ಚಿ, ಮೂರನೆಯವರು ಕಿಟಕಿಗೆ ಚಿಕಿತ್ಸೆ ಕೊಟ್ಟಂತಾಯಿತು.

ಪಿಸಿಒಡಿ ಎಂದು ಬರೆಯುವ ಮೊದಲು ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಎರಡನ್ನೂ ನೋಡಿ ಅವು ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂಬುದು ಪಠ್ಯಪುಸ್ತಕದ ಮಾತು. ಸ್ಕ್ಯಾನಿನಲ್ಲಿ ಗುಳ್ಳೆ ಕಂಡಿತೆಂಬುದಷ್ಟೇ ಸಾಲದು. ಆ ತಾಯಿಗೆ ನಾನು ಹೇಳಿದ್ದು ಎರಡೇ ಮಾತು: ರಿಸ್ಪೆರಿಡೋನನ್ನು ಒಂದು ರಾತ್ರಿಯೂ ತಪ್ಪಿಸಬೇಡಿ; ಮೂರೂ ಚೀಟಿಗಳನ್ನು ಒಟ್ಟಿಗೆ ಹಿಡಿದು ಮನೋವೈದ್ಯರ ಬಳಿಗೇ ಹೋಗಿ, ಮುಟ್ಟಿನ ವಿಷಯವನ್ನೂ ಹಾಲಿನ ವಿಷಯವನ್ನೂ ಮುಚ್ಚಿಡದೆ ಹೇಳಿ. ಮನೋವೈದ್ಯರು ಮೊದಲು ಗರ್ಭದ ಪರೀಕ್ಷೆ ಮಾಡಿಸಿದರು. ಅದು ಅನುಮಾನದಿಂದ ಮಾಡಿಸುವುದಲ್ಲ, ಮುಟ್ಟು ನಿಂತ ಯಾರಿಗಾದರೂ ಮೊದಲು ಮಾಡಬೇಕಾದ್ದು ಅದೇ ಎಂದು ಅವರು ಹುಡುಗಿಯ ಎದುರಿಗೇ ವಿವರಿಸಿದರಂತೆ. ಅಷ್ಟರ ಮಟ್ಟಿಗೆ ಅವರಿಗೆ ನಮಸ್ಕಾರ. ಗರ್ಭವಿರಲಿಲ್ಲ, ಥೈರಾಯ್ಡ್ ಸರಿಯಿತ್ತು. ಬಾಣಂತಿಯಲ್ಲದ ಹೆಂಗಸರಲ್ಲಿ ಮಿಲಿಲೀಟರಿಗೆ ಸುಮಾರು 25 ನ್ಯಾನೊಗ್ರಾಮಿನ ಒಳಗಿರಬೇಕಾದ ಪ್ರೊಲ್ಯಾಕ್ಟಿನ್ 132 ಇತ್ತು.

ಇಷ್ಟು ಏರಿದಾಗ ಪಿಟ್ಯುಟರಿಯಲ್ಲಿ ಗಡ್ಡೆಯಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಗಡ್ಡೆಯಿದ್ದರೆ ಅನೇಕ ವೇಳೆ ಇನ್ನೂರೈವತ್ತನ್ನು ದಾಟುತ್ತದೆ, ಆದರೆ ರಿಸ್ಪೆರಿಡೋನ್ ಒಂದೇ ಇನ್ನೂರನ್ನು ದಾಟಿಸಿದ್ದೂ ಉಂಟಾದ್ದರಿಂದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಲಾಗದು. ತಲೆನೋವು, ದೃಷ್ಟಿ ಮಸುಕಾಗುವುದು ಇಂಥವಿದ್ದರೆ, ಅಥವಾ ಔಷಧ ಬದಲಿಸಿದರೂ ಇಳಿಯದಿದ್ದರೆ ಎಂಆರ್‌ಐ ಬೇಕಾಗುತ್ತದೆ. ಈ ಹುಡುಗಿಗೆ ಆ ಲಕ್ಷಣಗಳಿರಲಿಲ್ಲ. ವೈದ್ಯರು ಮೊದಲು ಹೊಟ್ಟೆಯ ಕ್ಯಾಪ್ಸೂಲನ್ನು ನಿಲ್ಲಿಸಿದರು. ರಿಸ್ಪೆರಿಡೋನನ್ನು ಥಟ್ಟನೆ ಕಿತ್ತುಹಾಕದೆ ನಾಲ್ಕನೆಯ ಚೀಟಿಯಲ್ಲಿ ಅರಿಪಿಪ್ರಜೋಲ್ 5 ಮಿಲಿಗ್ರಾಂ ಸೇರಿಸಿದರು. ಅರಿಪಿಪ್ರಜೋಲಿನ ವಿಶೇಷವೆಂದರೆ ಅದು ಡೋಪಮಿನ್ನಿನ ಜಾಗದಲ್ಲಿ ಕುಳಿತು ತಾನೇ ಅರೆಬರೆಯಾಗಿ ಡೋಪಮಿನ್ನಿನ ಕೆಲಸ ಮಾಡುತ್ತದೆ, ಹೀಗಾಗಿ ಪ್ರೊಲ್ಯಾಕ್ಟಿನ್ ಮತ್ತೆ ಅಂಕೆಗೆ ಬರುತ್ತದೆ. ಇವತ್ತು ತಾಯಿ ತಂದಿದ್ದ ವರದಿಯಲ್ಲಿ ಅದು 31ಕ್ಕೆ ಇಳಿದಿತ್ತು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು, ಏಕೆಂದರೆ ವೈದ್ಯ ಮಿತ್ರರೊಬ್ಬರು ನನ್ನನ್ನು ಈಗಾಗಲೇ ಕೇಳಿದ್ದಾರೆ. ಮುಟ್ಟು ನಿಲ್ಲಬಹುದೆಂದು ಮೊದಲೇ ಹೇಳಿದರೆ ಮನೆಯವರು ಹೆದರಿ ಔಷಧವನ್ನೇ ನಿಲ್ಲಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ, ಅದಕ್ಕಿಂತ ಹೇಳದಿರುವುದೇ ಮೇಲಲ್ಲವೇ ಎಂದು. ಮರುಕಳಿಸುವುದು ಮುಟ್ಟು ನಿಲ್ಲುವುದಕ್ಕಿಂತ ದೊಡ್ಡ ಕಷ್ಟ ಎಂಬುದನ್ನು ಒಪ್ಪುತ್ತೇನೆ. ರಿಸ್ಪೆರಿಡೋನ್ ಒಳ್ಳೆಯ ಔಷಧ, ಬಡವರ ಕೈಗೆಟುಕುವ ಔಷಧ ಎಂಬುದನ್ನೂ ಒಪ್ಪುತ್ತೇನೆ. ಆದರೆ ಸ್ವಾಮಿ, ಹೇಳದಿದ್ದರೆ ಅವರು ನಿಲ್ಲಿಸುವುದಿಲ್ಲವೇ? ಮೂರು ತಿಂಗಳು ಮುಟ್ಟು ತಪ್ಪಿದ ಮೇಲೆ ಪಕ್ಕದ ಮನೆಯವರು ಹೇಳಿ ನಿಲ್ಲಿಸುತ್ತಾರೆ, ನಿಮಗೆ ತಿಳಿಸದೆಯೂ ನಿಲ್ಲಿಸುತ್ತಾರೆ. ಕೈ ನಡುಗಬಹುದೆಂದು ಹೇಳಿದಾಗ ಯಾರೂ ಹೆದರಿ ಓಡಲಿಲ್ಲ, ಅದಕ್ಕೆ ಮಾತ್ರೆಯನ್ನೂ ಮೊದಲೇ ಬರೆದುಕೊಟ್ಟಿರಿ. ಕೈ ನಡುಗಿದರೆ ನಾಲ್ಕು ಜನಕ್ಕೆ ಕಾಣುತ್ತದೆ, ಮುಟ್ಟು ನಿಂತರೆ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ ಇರಬೇಕು. ಔಷಧ ಶುರುಮಾಡುವ ದಿನ “ಕಳೆದ ಸಲ ಮುಟ್ಟಾದದ್ದು ಯಾವಾಗ?” ಎಂದು ಕೇಳಿ ಚೀಟಿಯ ಮೂಲೆಯಲ್ಲಿ ಆ ತಾರೀಕನ್ನು ಬರೆಯಲು ಎಷ್ಟು ಹೊತ್ತು ಬೇಕು? ಅದಿಲ್ಲದೆ, ಐದು ತಿಂಗಳ ನಂತರ ಇದು ಔಷಧದಿಂದ ಬಂದದ್ದೋ ಮೊದಲಿನಿಂದಲೇ ಇದ್ದದ್ದೋ ಎಂದು ಹೇಳಲು ಯಾರ ಬಳಿಯೂ ಆಧಾರವಿರುವುದಿಲ್ಲ.

ಇಲ್ಲಿ ಎಂದೂ ಬರೆಯದ ಸಂಗತಿಯೊಂದನ್ನು ಬರೆದುಬಿಡುತ್ತೇನೆ. ಕೆಲವು ವರ್ಷಗಳಿಂದ ನಾನೂ ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ. ಅದು ಮಾಡುವ ತೊಂದರೆ ಇದಕ್ಕೆ ವಿರುದ್ಧ ದಿಕ್ಕಿನದು: ರಕ್ತದ ಪ್ಲೇಟ್‌ಲೆಟ್‌ಗಳು ಸೆರೊಟೊನಿನ್ ತುಂಬಿಕೊಳ್ಳುವುದನ್ನು ತಡೆಯುವುದರಿಂದ ಹೆಪ್ಪುಗಟ್ಟುವಿಕೆ ಸ್ವಲ್ಪ ಸಡಿಲಾಗಿ ಕೆಲವರಿಗೆ ರಕ್ತಸ್ರಾವ ಹೆಚ್ಚುತ್ತದೆ, ಹೊಟ್ಟೆನೋವಿಗೆಂದು ಮೆಫೆನಾಮಿಕ್ ಆಸಿಡ್‌ನಂಥ ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವದ ಅಪಾಯ ಇನ್ನಷ್ಟು ಏರುತ್ತದೆ. ನನಗೆ ಹಾಗಾದಾಗ ಕಾರಣ ಹೊಳೆದದ್ದು ಔಷಧಶಾಸ್ತ್ರ ಓದಿದ್ದರಿಂದ. ನನ್ನನ್ನು ನೋಡುವ ವೈದ್ಯರು ನಿದ್ದೆ, ಊಟ, ಕೆಲಸ ಎಲ್ಲವನ್ನೂ ವಿಚಾರಿಸಿದ್ದಾರೆ, ಮುಟ್ಟಿನ ವಿಷಯವನ್ನು ಇವತ್ತಿಗೂ ಕೇಳಿಲ್ಲ. ಕೇಳದವರೆಲ್ಲ ಗಂಡಸರೆಂದು ಭಾವಿಸಬೇಡಿ, ಅವರು ಹೆಂಗಸು.

ಕೇಳದೇ ಇರುವುದರ ಬೆಲೆ ಮುಟ್ಟಿಗೇ ಮುಗಿಯುವುದಿಲ್ಲ. ಈಸ್ಟ್ರೊಜೆನ್ ವರ್ಷಗಟ್ಟಲೆ ತಳದಲ್ಲೇ ಉಳಿದರೆ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ಇಪ್ಪತ್ತರ ವಯಸ್ಸಿನಲ್ಲಿ. ಇನ್ನೊಂದು ವಿಷಯ ಮದುವೆಯಾದವರಿಗೆ ಸಂಬಂಧಿಸಿದ್ದು. ಮುಟ್ಟು ನಿಂತಿದೆಯಾದ್ದರಿಂದ ಬಸಿರಾಗುವುದಿಲ್ಲವೆಂದು ಹಲವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಔಷಧ ಬದಲಾಗಿ ಪ್ರೊಲ್ಯಾಕ್ಟಿನ್ ಇಳಿದಾಗ ಮೊದಲು ಮರಳುವುದು ಅಂಡೋತ್ಪತ್ತಿ, ಮುಟ್ಟು ಬರುವುದು ಅದಾಗಿ ಎರಡು ವಾರಕ್ಕೆ. ಆ ನಡುವೆ ಗರ್ಭ ನಿಂತರೆ ಮುಟ್ಟು ಬರುವುದೇ ಇಲ್ಲ, ಬಂದಿಲ್ಲವೆಂದು ಯಾರಿಗೂ ಅನುಮಾನವೂ ಮೂಡುವುದಿಲ್ಲ. ಔಷಧ ಬದಲಿಸುವ ದಿನವೇ ಹೇಳಬೇಕಾದ ಮಾತಿದು. ಇದೇ ಬದಲಾವಣೆ ಬರೆದ ಚೀಟಿಗಳು ವಿವಾಹಿತೆಯರ ಹೆಸರಿನಲ್ಲೂ ನನ್ನ ಕೌಂಟರಿಗೆ ಬರುತ್ತವೆ. “ಡಾಕ್ಟರು ಇದರ ಬಗ್ಗೆ ಏನಾದರೂ ಹೇಳಿದರೇನಮ್ಮ?” ಎಂದು ನಾನು ಕೇಳಿದರೆ, “ಊಟ ಆದ ಮೇಲೆ ತಗೊಳ್ಳಿ ಅಂದ್ರು” ಎನ್ನುತ್ತಾರೆ.