ರಜೆಗೆ ಹೋಗುವಾಗ ಕೀಲಿಕೈ ಕೊಟ್ಟರೆ ಸಾಲದು: ಲಸಿಕೆ ಫ್ರಿಜ್‌ನ ಚಾರ್ಜ್ ಬಗ್ಗೆ

ಮುಂದಿನ ತಿಂಗಳಿಂದ ನನಗೆ ಹೆರಿಗೆ ರಜೆ. ಸರ್ಕಾರಿ ನೌಕರಳಾದ ನನಗೆ ಸಿಗುವುದು 180 ದಿನ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ವಿಭಾಗ ನನ್ನದು. ಮಾತ್ರೆ, ಸಿರಪ್, ಸ್ಟಾಕ್ ಪುಸ್ತಕದ ಜೊತೆಗೆ ಲಸಿಕೆ ಇಡುವ ಕೋಣೆಯೂ ನನ್ನ ಕೈಯಲ್ಲೇ ಇದೆ. ಈಗ ಅದರ ಚಾರ್ಜ್ ತೆಗೆದುಕೊಳ್ಳುವವರು ನಮ್ಮ ಸ್ಟಾಫ್ ನರ್ಸ್ ಒಬ್ಬರು.

ಚಾರ್ಜ್ ಕೊಡುವುದು ಅಂದರೆ ನಮ್ಮಲ್ಲಿ ಒಂದು ಪಟ್ಟಿ. ಲಸಿಕೆ ಇಡುವ ಫ್ರಿಜ್ ಅಂದರೆ ಐಎಲ್‌ಆರ್ ಒಂದು, ಡೀಪ್ ಫ್ರೀಜರ್ ಒಂದು, ಸ್ಟೆಬಿಲೈಸರ್ ಎರಡು, ವ್ಯಾಕ್ಸಿನ್ ಕ್ಯಾರಿಯರ್ ಇಷ್ಟು, ಐಸ್ ಪ್ಯಾಕ್ ಇಷ್ಟು, ಯಾವ ಲಸಿಕೆ ಎಷ್ಟು ವಯಲ್, ಬ್ಯಾಚ್ ನಂಬರ್, ಎಕ್ಸ್‌ಪೈರಿ. ಕೆಳಗೆ ಇಬ್ಬರ ಸಹಿ, ವೈದ್ಯಾಧಿಕಾರಿಗಳ ಸಹಿ. ಪಟ್ಟಿ ಬೇಕೇ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಪಟ್ಟಿ ಏನಿದೆ ಅಂತ ಹೇಳುತ್ತದೆ, ಏನಾದರೆ ಏನು ಮಾಡಬೇಕು ಅಂತ ಹೇಳುವುದಿಲ್ಲ. ಅದಕ್ಕೇ ಬೇರೆಯಾಗಿ ನಾಲ್ಕು ಹಾಳೆ ಬರೆದೆ. ಬರೆಯುವಾಗ ಆ ನರ್ಸ್ ಕೇಳಿದರು, "ಅಕ್ಕಾರ, ಎಲ್ಲಾ ಲಿಸ್ಟ್‌ನ್ಯಾಗ ಐತಲ್ರೀ, ಮತ್ತೇನು ಬರಿಯಾಕತ್ತೀರಿ? ಏನರ ಇದ್ರ ಫೋನ್ ಮಾಡ್ತೀನ್ರಿ."

ಈ ಫೋನ್ ಮಾತಿಗೆ ನನ್ನ ವಿರೋಧ ಇದೆ. ಲಸಿಕೆ ಫ್ರಿಜ್ ಕೈಕೊಡುವುದು ಹೆಚ್ಚಾಗಿ ರಾತ್ರಿ, ಭಾನುವಾರ, ಹಬ್ಬದ ದಿನ. ಆ ಹೊತ್ತಿಗೆ ನಾನು ಹೆರಿಗೆ ವಾರ್ಡಿನಲ್ಲಿ ಇರಬಹುದು. ಕರೆ ಎತ್ತದಿದ್ದರೆ ಅವರು ಊಹೆ ಮೇಲೆ ಏನೋ ಒಂದು ಮಾಡುತ್ತಾರೆ. ಆ ಊಹೆಯಿಂದಲೇ ಲಸಿಕೆ ಹಾಳಾಗುತ್ತದೆ.

ಹೇಗೆ ಅಂತ ಹೇಳುತ್ತೇನೆ. ಒಂದು ಗುರುವಾರ ಅಂತ ಇಟ್ಟುಕೊಳ್ಳಿ, ನಮ್ಮಲ್ಲಿ ಲಸಿಕೆ ದಿನ. ಬೆಳಿಗ್ಗೆ ಉಪಕೇಂದ್ರಗಳಿಗೆ ಕ್ಯಾರಿಯರ್ ತುಂಬುವಾಗ ಐಎಲ್‌ಆರ್ ಮುಚ್ಚಳ ಜಾಸ್ತಿ ಹೊತ್ತು ತೆರೆದಿರುತ್ತದೆ. ಮುಗಿದ ಮೇಲೆ ಥರ್ಮಾಮೀಟರ್ ನೋಡಿದರೆ 9 ಡಿಗ್ರಿ. ಇರಬೇಕಾದದ್ದು 2ರಿಂದ 8. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಥರ್ಮೋಸ್ಟಾಟ್ ಗುಂಡಿಯನ್ನು ಇನ್ನೂ ತಂಪಿನ ಕಡೆ ತಿರುಗಿಸಿ, ಸದ್ಯ ಬಚಾವ್ ಅಂದುಕೊಂಡು ಮನೆಗೆ ಹೋಗುತ್ತಾರೆ. ಮುಚ್ಚಳ ಮುಚ್ಚಿಟ್ಟಿದ್ದರೆ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ 8ರ ಕೆಳಗೆ ಬರುತ್ತಿತ್ತು. ಈಗ ಗುಂಡಿ ತಿರುಗಿದೆ. ರಾತ್ರಿ ಯಾರೂ ಮುಚ್ಚಳ ತೆಗೆಯುವುದಿಲ್ಲ, ಹೊರಗೆ ಥಂಡಿ ಬೇರೆ. ಮಷೀನು ಓಡುತ್ತಲೇ ಇರುತ್ತದೆ. ಶುಕ್ರವಾರ ಬೆಳಿಗ್ಗೆ ಥರ್ಮಾಮೀಟರ್ ಮೈನಸ್ 1 ತೋರಿಸುತ್ತದೆ.

9 ಡಿಗ್ರಿಯಲ್ಲಿ ಕಳೆದ ಅರ್ಧ ತಾಸಿನಿಂದ ಲಸಿಕೆಗೆ ಹೇಳಿಕೊಳ್ಳುವಂಥ ಹಾನಿ ಆಗುತ್ತಿರಲಿಲ್ಲ. ಮೈನಸ್ 1ರ ರಾತ್ರಿ ಹಾಗಲ್ಲ. ಹೆಪಟೈಟಿಸ್ ಬಿ ಲಸಿಕೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಇಳಿದರೂ ಹೆಪ್ಪುಗಟ್ಟಬಹುದು. ಪೆಂಟಾ, ಡಿಪಿಟಿ, ಟಿಡಿ ಕೂಡ ಹೆಪ್ಪುಗಟ್ಟಬಾರದ ಲಸಿಕೆಗಳೇ. ಇವುಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗಂಟುಗಂಟಾಗುತ್ತದೆ. ಕರಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಲಸಿಕೆಯ ಶಕ್ತಿ ಹೋಗುತ್ತದೆ.

ಇನ್ನು ವಿವಿಎಂ ಇದೆಯಲ್ಲ, ವಯಲ್ ಮೇಲಿನ ಆ ಸಣ್ಣ ಚೌಕ? ಅದು ಬಿಸಿಯನ್ನು ಮಾತ್ರ ತೋರಿಸುತ್ತದೆ. ಒಳಗಿನ ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಆದರೆ ಅಥವಾ ಚೌಕವೇ ಗಾಢವಾದರೆ ಬಳಸಬಾರದು. ಹೆಪ್ಪುಗಟ್ಟಿ ಹಾಳಾದ ವಯಲ್ ಮೇಲೆ ಇದೇ ಚೌಕ ಬೆಳ್ಳಗೆ, ಚೊಲೋ ಕಾಣುತ್ತದೆ. ಪುಸ್ತಕದಲ್ಲಿ ಎಣಿಕೆ ಸರಿ ಇರುತ್ತದೆ. ಎಕ್ಸ್‌ಪೈರಿ ಮುಂದಿನ ವರ್ಷ ಇರುತ್ತದೆ. ಮಗುವಿಗೆ ಚುಚ್ಚಿಯೂ ಆಗುತ್ತದೆ, ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೂ ಹೋಗುತ್ತಾಳೆ. ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ. ಅದು ಯಾರಿಗೂ ಗೊತ್ತೂ ಆಗುವುದಿಲ್ಲ.

ಹಾಗಾಗಿ ನನ್ನ ಚೀಟಿಯ ಮೊದಲ ಸಾಲೇ ಇದು: ಒಂದೇ ರೀಡಿಂಗ್ ನೋಡಿ ಗುಂಡಿ ಮುಟ್ಟಬೇಡಿ. ಮುಚ್ಚಳ ಮುಚ್ಚಿ, ಒಂದು ತಾಸು ಬಿಟ್ಟು ಮತ್ತೆ ನೋಡಿ. ಕರೆಂಟ್ ಹೋಗಿ ಬಂದ ಮೇಲಂತೂ ಮುಟ್ಟಲೇಬೇಡಿ. ಒಂದು ತಾಸಿನ ಮೇಲೂ 8 ದಾಟಿಯೇ ಇದ್ದರೆ ವೈದ್ಯಾಧಿಕಾರಿಗಳಿಗೆ ಹೇಳಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಗುಂಡಿ ಈಗ ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದಿದ್ದೇನೆ. ಆ ಗೆರೆ ಬಿಟ್ಟು ಸರಿದಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.

ಮೈನಸ್ ತೋರಿಸಿದರೆ ಏನು ಮಾಡಬೇಕು ಅನ್ನುವುದಕ್ಕೆ ಒಂದು ಪೂರ್ತಿ ಪುಟ ಕೊಟ್ಟಿದ್ದೇನೆ. ಮೊದಲು, ಕಂಡದ್ದನ್ನು ಕಂಡ ಹಾಗೆ ಪುಸ್ತಕದಲ್ಲಿ ಬರೆಯಿರಿ. ಇದನ್ನು ಒತ್ತಿ ಬರೆದಿದ್ದೇನೆ. ಬೈಸಿಕೊಳ್ಳುವ ಭಯಕ್ಕೆ 4 ಅಂತ ಬರೆದುಬಿಟ್ಟರೆ ಮುಂದಿನ ದಾರಿಯೆಲ್ಲ ಮುಚ್ಚಿದಂತೆ. ಆಮೇಲೆ ಪೆಂಟಾ, ಟಿಡಿ, ಹೆಪ್-ಬಿ ವಯಲ್‌ಗಳನ್ನು ಬೇರೆ ಚೀಲಕ್ಕೆ ಹಾಕಿ, "ಬಳಸಬೇಡಿ" ಅಂತ ಚೀಟಿ ಅಂಟಿಸಿ, 2ರಿಂದ 8ರ ನಡುವೆಯೇ ಇಡಿ. ಗಟ್ಟಿಯಾದದ್ದು ಕಣ್ಣಿಗೇ ಕಂಡರೆ ಪರೀಕ್ಷೆ ಬೇಡ, ಅದು ಹೋಯಿತು. ಅನುಮಾನ ಇದ್ದರೆ ವೈದ್ಯಾಧಿಕಾರಿಗಳಿಗೆ ಹೇಳಿ ಶೇಕ್ ಟೆಸ್ಟ್ ಮಾಡಬೇಕು.

ಅದೇನು ದೊಡ್ಡ ವಿದ್ಯೆಯಲ್ಲ. ಅದೇ ಕಂಪನಿ, ಅದೇ ಬ್ಯಾಚಿನ ಒಂದು ವಯಲ್ ತೆಗೆದುಕೊಳ್ಳಿ. ಅದರ ಮೇಲೆ "ಹೆಪ್ಪುಗಟ್ಟಿಸಿದ್ದು" ಅಂತ ಬರೆದು ರಾತ್ರಿಯಿಡೀ ಡೀಪ್ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ. ಬೆಳಿಗ್ಗೆ ಹೊರಗಿಟ್ಟು ತಾನಾಗಿ ಕರಗಲು ಬಿಡಿ. ಈಗ ಇದನ್ನೂ ಅನುಮಾನದ ವಯಲನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಅಲ್ಲಾಡಿಸಿ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸುಮ್ನೆ ನೋಡುತ್ತ ಕೂತುಕೊಳ್ಳಿ, ಅರ್ಧ ತಾಸಿನವರೆಗೆ. ಹೆಪ್ಪುಗಟ್ಟಿಸಿದ ವಯಲ್‌ನಲ್ಲಿ ಬಿಳಿ ಗಸಿ ಬೇಗ ತಳಕ್ಕೆ ಇಳಿದು, ಮೇಲೆ ತಿಳಿನೀರು ಉಳಿಯುತ್ತದೆ. ಅನುಮಾನದ ವಯಲ್ ಅಷ್ಟೇ ಬೇಗ ಇಳಿದರೆ ಅದೂ ಹಾಳಾಗಿದೆ. ನಿಧಾನಕ್ಕೆ, ಹಾಲಿನಂತೆ ಮಬ್ಬಾಗಿಯೇ ಉಳಿದು ಇಳಿದರೆ ಬಳಸಬಹುದು. ಇದನ್ನು ನಾನು ಬರೆದು ಬಿಡಲಿಲ್ಲ, ಎಕ್ಸ್‌ಪೈರಿ ಆದ ಎರಡು ವಯಲ್ ಇಟ್ಟುಕೊಂಡು ಅವರ ಕೈಯಿಂದಲೇ ಮಾಡಿಸಿದೆ. "ಅಯ್ಯ, ನೋಡ್ರಿ ಅಕ್ಕಾರ, ಹೆಂಗ ಕುಂತ್ಬಿಡ್ತು" ಅಂದರು. ಇನ್ನು ಅವರಿಗೆ ಮರೆಯುವುದಿಲ್ಲ.

ಎರಡನೆಯ ಪುಟ ಐಸ್ ಪ್ಯಾಕ್‌ನದು. ಕ್ಯಾರಿಯರ್‌ನಲ್ಲಿ ನಾಲ್ಕು ಐಸ್ ಪ್ಯಾಕ್ ಹೋಗುತ್ತವೆ. ಡೀಪ್ ಫ್ರೀಜರ್‌ನಿಂದ ತೆಗೆದ ಕೂಡಲೇ ಒಳಗೆ ಇಟ್ಟರೆ, ಅವುಗಳಿಗೆ ತಾಗಿದ ಪೆಂಟಾ ದಾರಿಯಲ್ಲೇ ಹೆಪ್ಪುಗಟ್ಟಬಹುದು. ಅದಕ್ಕೇ ಮೊದಲು ಮೇಜಿನ ಮೇಲೆ ಸಾಲಾಗಿ ಹರಡಬೇಕು. ಎಷ್ಟು ಹೊತ್ತು ಅಂತ ಅವರು ಕೇಳಿದರು. ನಿಮಿಷ ಬರೆಯಲು ನಾನು ಒಪ್ಪಲಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇಗ ಆಗುವುದು ಡಿಸೆಂಬರ್ ಬೆಳಿಗ್ಗೆ ಎಷ್ಟೋ ಹೊತ್ತು ಹಿಡಿಯುತ್ತದೆ. ಗಡಿಯಾರ ನೋಡಬಾರದು, ಪ್ಯಾಕ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೈ ಬೆವರಿ, ಒಳಗೆ ನೀರು ಕುಲುಕಿದ ಸದ್ದು ಕೇಳಿಸಿದರೆ ಅದು ತಯಾರು. ಒಂದನ್ನು ನೋಡಿ ನಾಲ್ಕನ್ನೂ ತುಂಬಬಾರದು. ನಾಲ್ಕನ್ನೂ ಅಲ್ಲಾಡಿಸಬೇಕು. ಲಸಿಕೆ ಒಯ್ಯುವ ಹುಡುಗ ಹೊರಗೆ ಗಾಡಿ ಚಾಲೂ ಇಟ್ಟುಕೊಂಡು ಅವಸರ ಮಾಡುತ್ತಾನೆ, ಅವನನ್ನು ನಿಲ್ಲಿಸಿ ಅಂತಲೂ ಬರೆದಿದ್ದೇನೆ.

ಸಂಜೆ ವಾಪಸ್ ಬಂದ ತೆರೆದ ವಯಲ್‌ಗಳ ವಿಷಯ ಅವರಿಗೆ ಗೊತ್ತೇ ಇದೆ, ಚಿಕ್ಕದಾಗಿ ಬರೆದೆ. ಎಂಆರ್, ಬಿಸಿಜಿ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ಬಳಸಲು 4 ತಾಸು, ಅಷ್ಟೇ. ಪೆಂಟಾ, ಟಿಡಿ, ಓಪಿವಿಯಂಥವು 28 ದಿನ, ಅದೂ ತೆರೆದ ದಿನಾಂಕ, ಸಮಯ ಬರೆದಿದ್ದರೆ ಮಾತ್ರ. ಬರೆಯದ ವಯಲ್ ಬಂದರೆ ತಂದವರಿಗೆ ಮರ್ಯಾದೆಯಿಂದ ಹೇಳಿ, ವಯಲ್ ತೆಗೆದುಹಾಕಿ.

ಕರೆಂಟ್ ಹೋದರೆ ಹೊಸಬರು ಗಾಬರಿಯಾಗಿ ಲಸಿಕೆಯನ್ನೆಲ್ಲ ಹೊರಗೆ ತೆಗೆಯಲು ಹೋಗುತ್ತಾರೆ. ಐಎಲ್‌ಆರ್ ಗೋಡೆಯಲ್ಲಿ ಮಂಜುಗಡ್ಡೆಯ ಪದರ ಇದೆ. 24 ತಾಸಿನಲ್ಲಿ 8 ತಾಸು ಸತತವಾಗಿ ಕರೆಂಟ್ ಇದ್ದರೂ ಅದು ತಂಪು ಹಿಡಿದಿಡುತ್ತದೆ. ಹಾಗಾಗಿ ಮುಚ್ಚಳ ತೆಗೆಯಬೇಡಿ, ಹೊರಗಿನ ಡಿಸ್‌ಪ್ಲೇ ನೋಡುತ್ತಿರಿ. 8ರ ಹತ್ತಿರ ಬರುತ್ತಿದ್ದರೆ ತಾಲೂಕು ಆಸ್ಪತ್ರೆಗೆ ಮೊದಲು ಫೋನ್, ಅಲ್ಲಿ ಜಾಗ ಇದೆ ಅಂದ ಮೇಲೆ ಸಾಗಣೆ. ಹೆಸ್ಕಾಂ ಸೆಕ್ಷನ್ ಆಫೀಸಿನ ನಂಬರ್ ಗೋಡೆಗೆ ಅಂಟಿಸಿದ್ದೇನೆ. ನಮ್ಮ ಕಡೆಯ ಲೈನ್‌ಮನ್ ನಂಬರೂ ಅಲ್ಲೇ ಇದೆ. ಅವರಿಗೆ "ಲಸಿಕೆ ಫ್ರಿಜ್" ಅಂತ ಹೇಳಿದರೆ ಲಗೂನ ಬರುತ್ತಾರೆ.

ಭಾನುವಾರದ ರೀಡಿಂಗ್ ಯಾರು ತೆಗೆಯುವುದು ಅನ್ನುವುದು ಚಾರ್ಜ್ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ. ದಿನಕ್ಕೆ ಎರಡು ಸಲ, ರಜೆ ದಿನವೂ ಸೇರಿ ಬರೆಯಬೇಕು ಅನ್ನುವುದು ನಿಯಮ. ನಾನು ಕ್ವಾರ್ಟರ್ಸ್‌ನಲ್ಲೇ ಇರುವುದರಿಂದ ಇಷ್ಟು ದಿನ ನಡೆಯಿತು. ಅವರು ಗದಗಿನಿಂದ ಬಸ್ಸಿಗೆ ಬಂದು ಹೋಗುವವರು. ಇದನ್ನು ಅವರ ತಲೆಗೆ ಕಟ್ಟಿ ನಾನು ಹೊರಟುಬಿಟ್ಟರೆ ಅನ್ಯಾಯ ಅಲ್ವಾ? ಹೆರಿಗೆ ಕೋಣೆಯ ಡ್ಯೂಟಿಯಲ್ಲಿರುವವರು ಭಾನುವಾರ ಎರಡು ಹೊತ್ತು ನೋಡಿ ಬರೆಯುವುದು ಅಂತ ವೈದ್ಯಾಧಿಕಾರಿಗಳಿಂದ ಬರಹದಲ್ಲಿ ಆದೇಶ ಮಾಡಿಸಿದೆ. ಕೋಣೆಯ ಎರಡನೇ ಕೀಲಿ ಅಲ್ಲೇ ಡ್ಯೂಟಿ ಟೇಬಲ್ಲಿನ ಡ್ರಾದಲ್ಲಿ ಇರುತ್ತದೆ.

ಕೊನೆಯದು ಮೊಬೈಲ್ ನಂಬರ್. ಲಸಿಕೆಯ ದಾಸ್ತಾನು, ತಾಪಮಾನದ ಮೇಲೆ ಕಣ್ಣಿಡುವ ಸರ್ಕಾರದ ಇವಿನ್ ವ್ಯವಸ್ಥೆಯ ತಾಪಮಾನದ ಯಂತ್ರ ಐಎಲ್‌ಆರ್‌ಗೆ ಹಾಕಿದ್ದಾರೆ. ತಾಪಮಾನ ಏರುಪೇರಾದರೆ ಅದು ನೋಂದಾಯಿಸಿದ ಫೋನಿಗೆ ಮೆಸೇಜ್ ಕಳಿಸುತ್ತದೆ. ಇಲ್ಲಿ ನೋಂದಾಯಿಸಿರುವುದು ನನ್ನ ನಂಬರ್. ಬದಲಾಯಿಸದೆ ಹೋದರೆ ಫ್ರಿಜ್ ಕೂಗುವುದು ನನ್ನ ತವರುಮನೆಯಲ್ಲಿ, ಕೇಳಿಸಬೇಕಾದವರಿಗೆ ಕೇಳಿಸುವುದೇ ಇಲ್ಲ. ಜಿಲ್ಲೆಯ ಕೋಲ್ಡ್ ಚೈನ್ ಮ್ಯಾನೇಜರ್‌ಗೆ ಪತ್ರ ಕೊಟ್ಟು ನಮ್ಮ ನರ್ಸ್ ನಂಬರ್ ಹಾಕಿಸಲು ಹೇಳಿದ್ದೇನೆ. ಬದಲಾಗಿದೆ ಅಂತ ಅಲ್ಲಿಂದ ಖಾತ್ರಿಯಾದ ಮೇಲೆಯೇ ಚಾರ್ಜ್ ಪಟ್ಟಿಗೆ ನಾವಿಬ್ಬರೂ ಸಹಿ ಹಾಕುವುದು ಅಂತ ಮಾತಾಡಿಕೊಂಡಿದ್ದೇವೆ. ಅಲ್ಲಿಯವರೆಗೆ ಪಟ್ಟಿ ನನ್ನ ಮೇಜಿನಲ್ಲೇ ಇದೆ.