ಕೈಸಾಲ, ಬಾಯಿಮಾತು ಮತ್ತು ಮೂರು ವರ್ಷದ ಗಡುವು

ಪತ್ರವಿಲ್ಲದೆ ಕೊಟ್ಟ ಸಾಲಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ಹೇಳುವವರು ಊರಿಗೊಬ್ಬರು ಸಿಗುತ್ತಾರೆ. ಅದು ನಿಜವಲ್ಲ. 1872ರ ಭಾರತೀಯ ಕರಾರು ಕಾಯ್ದೆ ಸಾಲದ ಒಪ್ಪಂದ ಬರವಣಿಗೆಯಲ್ಲೇ ಇರಬೇಕು ಎಂದು ಎಲ್ಲೂ ಹೇಳುವುದಿಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ತೊಡಕು ಇರುವುದು ಬೇರೆಡೆ. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಕಡತ ಹೊಲಿಯುತ್ತ ಕುಳಿತ ನನಗೆ ಕಂಡದ್ದು ಇಷ್ಟು: ಹಣ ಕೊಟ್ಟವನು ‘ಅವನು ನನಗೆ ಮೋಸ ಮಾಡಿದ’ ಎಂಬ ಕಥೆ ತರುತ್ತಾನೆ, ನ್ಯಾಯಾಲಯ ಮಾತ್ರ ‘ಯಾಕೆ ಕೊಟ್ಟೆ, ಯಾವತ್ತು ಕೊಟ್ಟೆ’ ಎಂಬ ಎರಡೇ ಪ್ರಶ್ನೆ ಕೇಳುತ್ತದೆ.

ನನ್ನ ಪರಿಚಯದ ಅಡಿಕೆ ಬೆಳೆಗಾರರೊಬ್ಬರ ವಿಷಯವನ್ನೇ ಹೇಳುತ್ತೇನೆ. ಊರು, ಹೆಸರು ಬೇಡ. 2022ರ ಏಪ್ರಿಲ್‌ನಲ್ಲಿ ಅವರ ಬಾಲ್ಯದ ಗೆಳೆಯ ಹಾರ್ಡ್‌ವೇರ್ ಅಂಗಡಿ ತೆರೆಯಲು ಕೈಸಾಲ ಕೇಳಿದ. ಇವರು ಒಂದೂವರೆ ಲಕ್ಷವನ್ನು ಬ್ಯಾಂಕ್ ಖಾತೆಯಿಂದ ಕಳುಹಿಸಿದರು, ಐವತ್ತು ಸಾವಿರವನ್ನು ಮನೆಯ ಜಗಲಿಯಲ್ಲೇ ನಗದಾಗಿ ಎಣಿಸಿ ಕೊಟ್ಟರು. ಪತ್ರ ಕೇಳಲಿಲ್ಲ. ‘ಅವನ ಹತ್ತಿರ ಸಹಿ ಹಾಕಿಸಿಕೊಳ್ಳುವುದೇ?’ ಎಂಬ ಸಂಕೋಚ. ಮುಂದಿನ ವರ್ಷ ದಸರಾ ಹೊತ್ತಿಗೆ ಗೆಳೆಯ ಹದಿನೈದು ಸಾವಿರ ನಗದು ತಂದುಕೊಟ್ಟ. ಆಮೇಲೆ ಯುಗಾದಿ ಕಳೆಯಲಿ, ಮಳೆಗಾಲ ಮುಗಿಯಲಿ, ಮಗಳ ಮದುವೆ ಆಗಲಿ. ಇವರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು 2025ರ ಜುಲೈನಲ್ಲಿ.

ಅವರು ಬರುವಾಗ ಧೈರ್ಯವಾಗಿಯೇ ಬಂದಿದ್ದರು. ಪಾಸ್‌ಬುಕ್ಕಿನ ಆ ಪುಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ‘ಬ್ಯಾಂಕಿನಿಂದಲೇ ಹೋಗಿದೆಯಲ್ಲ, ಇನ್ನೇನು ಬೇಕು?’ ಎಂದರು. ಆ ಒಂದು ಸಾಲು ಹೇಳುವುದು ಏನನ್ನು? ಈ ದಿನ ಈ ಖಾತೆಯಿಂದ ಆ ಖಾತೆಗೆ ಒಂದೂವರೆ ಲಕ್ಷ ಹೋಯಿತು ಎಂಬುದನ್ನು ಮಾತ್ರ. ಅದು ಸಾಲ ಎಂದು ಅಲ್ಲಿ ಬರೆದಿಲ್ಲ. ಗೆಳೆಯ ನ್ಯಾಯಾಲಯಕ್ಕೆ ಬಂದು ಹಣ ಬಂದೇ ಇಲ್ಲ ಎನ್ನುವುದಿಲ್ಲ, ಅಷ್ಟು ದಡ್ಡ ಯಾರೂ ಇಲ್ಲ. ‘ಬಂದಿದೆ ಸ್ವಾಮಿ, ಅಂಗಡಿಯಲ್ಲಿ ಪಾಲಿಗೆಂದು ಹಾಕಿದ ಬಂಡವಾಳ ಅದು, ಅಂಗಡಿ ನಷ್ಟವಾಯಿತು’ ಎನ್ನುತ್ತಾನೆ. ಇಲ್ಲವೇ ‘ಹಿಂದೆ ನಾನು ಕೊಟ್ಟಿದ್ದ ಹಣವನ್ನು ಅವರು ಹಿಂದಿರುಗಿಸಿದ್ದು’ ಎನ್ನುತ್ತಾನೆ. ಸಾಲ ಎಂದು ದಾವೆ ಹೂಡಿದವರು ವಾದಿ, ಆದ್ದರಿಂದ ಸಾಲವೇ ಎಂದು ರುಜುವಾತು ಮಾಡುವ ಹೊಣೆಯೂ ಮೊದಲು ಅವರದೇ.

ನಗದಿನ ಐವತ್ತು ಸಾವಿರದ ಗತಿ ಇನ್ನೂ ಕಷ್ಟ. ಇಂಥ ದಾವೆಗಳಲ್ಲಿ ಪಾಟೀಸವಾಲು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಕೊಡುವಾಗ ಯಾರಿದ್ದರು? ಯಾರೂ ಇರಲಿಲ್ಲ. ಅಷ್ಟು ನಗದು ನಿಮ್ಮಲ್ಲಿ ಎಲ್ಲಿಂದ ಬಂತು? ಅಡಿಕೆ ಮಾರಿದ್ದು. ಮಂಡಿಯ ಪಟ್ಟಿ ಇದೆಯೇ? ಹುಡುಕಬೇಕು. ಸಾಲ ಕೊಟ್ಟದ್ದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ? ಇಲ್ಲ. ಇದರ ಮೇಲೆ, ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಮೀರಿದರೆ ದಂಡ ಬೀಳುವುದು ಪಡೆದವನಿಗೆ, ಅದರಿಂದ ಸಾಲವೇನೂ ರದ್ದಾಗುವುದಿಲ್ಲ. ಆದರೂ ಎದುರು ಪಕ್ಷದ ವಕೀಲರು ಅದನ್ನು ಎತ್ತದೆ ಬಿಡುವುದಿಲ್ಲ.

ಇಷ್ಟಾದರೂ ದಾವೆ ಹೂಡಬಹುದಿತ್ತು. ಸಾಕ್ಷಿಗಳು, ವಾಟ್ಸಾಪ್ ಸಂದೇಶಗಳು, ಸಂದರ್ಭ ಎಲ್ಲವನ್ನೂ ಸೇರಿಸಿ ಗೆದ್ದವರಿದ್ದಾರೆ. ಇವರ ದಾರಿ ಮುಚ್ಚಿದ್ದು ತಾರೀಕು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ಸಾಲದ ವಸೂಲಿಗೆ ಮೂರು ವರ್ಷ. ಆ ಮೂರು ವರ್ಷ ಎಣಿಸುವುದು ಕೊಟ್ಟ ದಿನದಿಂದ. ‘ಕೇಳಿದಾಗ ಕೊಡುತ್ತೇನೆ’ ಎಂಬ ಮಾತಿನ ಮೇಲೆ ಕೊಟ್ಟರೂ ಲೆಕ್ಕ ಕೊಟ್ಟ ದಿನದಿಂದಲೇ, ನೀವು ಕೇಳಿದ ದಿನದಿಂದ ಅಲ್ಲ. ಜನ ಇದನ್ನು ನಂಬುವುದೇ ಇಲ್ಲ. ಕೊಡುವುದಿಲ್ಲ ಎಂದು ಮುಖಕ್ಕೆ ಹೇಳಿದ ದಿನದಿಂದ ಗಡುವು ಶುರುವಾಗುತ್ತದೆ ಎಂದುಕೊಂಡಿರುತ್ತಾರೆ. ಇಂಥ ತಾರೀಕಿಗೆ ಹಿಂದಿರುಗಿಸುತ್ತೇನೆ ಎಂಬ ಒಪ್ಪಂದವಿದ್ದರೆ ಆ ತಾರೀಕಿನಿಂದ ಎಣಿಸಬೇಕು ಎಂದು ವಾದಿಸಬಹುದು. ಆದರೆ ಆ ತಾರೀಕೂ ಬಾಯಲ್ಲೇ ಹೇಳಿದ್ದಲ್ಲವೇ?

ಗಡುವು ಹೊಸದಾಗಿ ಶುರುವಾಗುವ ದಾರಿಗಳಿವೆ, ಅವೂ ಬರವಣಿಗೆಯನ್ನೇ ಕೇಳುತ್ತವೆ. ಮೂರು ವರ್ಷ ಮುಗಿಯುವ ಮೊದಲೇ ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಭಾಗಶಃ ಮರುಪಾವತಿ ಮಾಡಿದರೂ ಸಿಗುತ್ತದೆ, ಆದರೆ ಆ ಪಾವತಿಗೆ ಅವನ ಕೈಬರಹ ಅಥವಾ ಸಹಿ ಬೇಕು. ದಸರಾದ ಹದಿನೈದು ಸಾವಿರಕ್ಕೆ ಒಂದು ಚೀಟಿ ಇದ್ದಿದ್ದರೆ ಇವರ ಗಡುವು 2026ರ ದಸರಾವರೆಗೂ ಬೆಳೆಯುತ್ತಿತ್ತು. ಎಣಿಸಿ ಜೇಬಿಗೆ ಹಾಕಿಕೊಂಡ ನಗದು ಆ ಕೆಲಸ ಮಾಡಲಿಲ್ಲ. ನಾವೇ ಕಳುಹಿಸುವ ಲಾಯರ್ ನೋಟಿಸೂ ಗಡುವನ್ನು ಒಂದು ದಿನವೂ ಮುಂದೂಡುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಸಾಲ ಕೊಟ್ಟವನಿಗೆ ಅತ್ಯಂತ ದುಬಾರಿಯಾಗುವುದು ‘ಕೊಡುವುದಿಲ್ಲ, ಏನು ಮಾಡುತ್ತೀಯೋ ಮಾಡು’ ಎನ್ನುವ ಗೆಳೆಯನಲ್ಲ. ಅವನ ಮೇಲೆ ಸಿಟ್ಟು ಬಂದು ನಾವು ಬೇಗ ವಕೀಲರ ಬಳಿ ಹೋಗುತ್ತೇವೆ. ಮನೆಗೆ ಹೋದಾಗಲೆಲ್ಲ ಕಾಫಿ ಕೊಟ್ಟು ‘ನಿನ್ನ ದುಡ್ಡು ಎಲ್ಲಿ ಹೋಗುತ್ತದೆ ಮಾರಾಯ’ ಎನ್ನುವವನ ಬಳಿ ಮೂರು ವರ್ಷ ಸದ್ದಿಲ್ಲದೆ ಕಳೆದುಹೋಗುತ್ತದೆ. ಅವನಿಗೆ ಕೆಟ್ಟ ಮನಸ್ಸೇ ಇರಬೇಕೆಂದಿಲ್ಲ. ನಿಜವಾಗಿಯೂ ಕೊಡುವ ಮನಸ್ಸಿದ್ದವನ ಬಾಯಿಮಾತಿಗೂ ಗಡುವನ್ನು ಬೆಳೆಸುವ ಶಕ್ತಿ ಇಲ್ಲ.

ಪೊಲೀಸ್ ಠಾಣೆಗೆ ಹೋಗೋಣ ಎಂದೂ ಇವರು ಕೇಳಿದರು. ಹೋದರೆ ಇದು ಸಿವಿಲ್ ಸ್ವರೂಪದ ವ್ಯವಹಾರ ಎಂಬ ಹಿಂಬರಹ ಸಿಗುವ ಸಾಧ್ಯತೆಯೇ ಹೆಚ್ಚು. ವಂಚನೆ ಎನ್ನಬೇಕಾದರೆ ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ಕಾಣಬೇಕು. ಅಂಗಡಿ ನಿಜವಾಗಿ ತೆರೆದು, ಹದಿನೈದು ಸಾವಿರ ಹಿಂದಿರುಗಿಸಿದವನ ಮೇಲೆ ಅದನ್ನು ಹೊರಿಸುವುದು ಸುಲಭವಲ್ಲ. ಚೆಕ್ ಇದ್ದು ಅದು ಬೌನ್ಸ್ ಆಗಿದ್ದರೆ ಮಾತು ಬೇರೆ. ಆಗ ಸಾಲಕ್ಕಾಗಿಯೇ ಚೆಕ್ ಕೊಟ್ಟದ್ದು ಎಂದು ಕಾನೂನು ಮೊದಲು ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಭಾರ ಚೆಕ್ ಕೊಟ್ಟವನ ಮೇಲೆ ಬೀಳುತ್ತದೆ.

ವಾಟ್ಸಾಪ್‌ನಲ್ಲಿ ಇವರ ಬಳಿ ಇದ್ದದ್ದು ‘ಮುಂದಿನ ತಿಂಗಳು ನೋಡೋಣ’ ಎಂಬಂಥ ಉತ್ತರಗಳು. ಯಾವ ಹಣ, ಎಷ್ಟು ಎಂಬುದು ಒಂದರಲ್ಲೂ ಇಲ್ಲ, ಉಳಿದ ಮಾತೆಲ್ಲ ಫೋನ್ ಕರೆಯಲ್ಲಿ. ‘ಏಪ್ರಿಲ್‌ನಲ್ಲಿ ಕೈಸಾಲವಾಗಿ ಕೊಟ್ಟ ಎರಡು ಲಕ್ಷದಲ್ಲಿ ಇನ್ನೂ ಒಂದು ಲಕ್ಷ ಎಂಬತ್ತೈದು ಸಾವಿರ ಬಾಕಿ ಇದೆ, ಯಾವಾಗ ಕೊಡುತ್ತೀಯ?’ ಎಂದು ಗಡುವಿನೊಳಗೆ ಒಮ್ಮೆ ಬರೆದು, ಅದಕ್ಕೆ ಉತ್ತರ ಬಂದಿದ್ದರೆ ಸಾಲದ ರುಜುವಾತಿಗೆ ಒಂದು ಆಸರೆಯಾಗುತ್ತಿತ್ತು. ಹಾಗೆ ಸಿಕ್ಕರೂ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಲದು. ಅದರ ಜೊತೆ ಸಾಕ್ಷ್ಯ ಅಧಿನಿಯಮ ಹೇಳುವ ಪ್ರಮಾಣಪತ್ರವೂ ಬೇಕು, ಮೂಲ ಮೊಬೈಲನ್ನು ಉಳಿಸಿಕೊಂಡರೆ ಒಳ್ಳೆಯದು. ಎಲ್ಲಕ್ಕಿಂತ ಸುಲಭವಾದದ್ದು ಹಣ ಕೊಡುವ ದಿನವೇ ಬರೆಸಿಕೊಳ್ಳುವ ಆನ್ ಡಿಮ್ಯಾಂಡ್ ಪ್ರಾಮಿಸರಿ ನೋಟು. ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ. ಸ್ಟಾಂಪ್ ಮರೆತರೆ ಆ ನೋಟನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ಆಮೇಲೆ ದಂಡ ಕಟ್ಟಿ ಸರಿಪಡಿಸುವ ದಾರಿಯೂ ಇಲ್ಲ.

ನಮ್ಮ ಬೆಳೆಗಾರರಿಗೆ ವಕೀಲರು ಉಳಿದಿದ್ದ ಒಂದೇ ದಾರಿ ಹೇಳಿದರು. ಗಡುವು ಮೀರಿದ ಸಾಲವನ್ನು ತೀರಿಸುತ್ತೇನೆ ಎಂದು ಸಾಲಗಾರ ಬರೆದು ಸಹಿ ಹಾಕಿಕೊಟ್ಟರೆ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಹೊಸ ಕರಾರಾಗುತ್ತದೆ, ಅದರ ಮೇಲೆ ದಾವೆ ಹೂಡಬಹುದು. ಇವರು ಒಕ್ಕಣೆ ಬರೆಸಿಕೊಂಡು ಗೆಳೆಯನ ಅಂಗಡಿಗೆ ಹೋದರು. ‘ನಮ್ಮ ನಡುವೆ ಇದೆಲ್ಲ ಯಾಕೆ?’ ಎಂದ ಅವನು ಎರಡು ಸಾವಿರ ಕೈಗಿತ್ತು ಕಳುಹಿಸಿದ. ಅದನ್ನು ಇಟ್ಟುಕೊಳ್ಳಬಹುದೇ ಎಂದು ಕಚೇರಿಗೆ ಫೋನ್ ಮಾಡಿ ಕೇಳಿದರು. ಧಾರಾಳವಾಗಿ ಇಟ್ಟುಕೊಳ್ಳಬಹುದು. ಗಡುವು ಮೀರಿದರೆ ದಾವೆ ಹೂಡುವ ಹಕ್ಕು ಹೋಗುತ್ತದೆಯೇ ಹೊರತು ಸಾಲ ಸಾಯುವುದಿಲ್ಲ, ತಾನಾಗಿಯೇ ಕೊಟ್ಟ ಹಣವನ್ನು ಅವನು ವಾಪಸ್ ಕೇಳುವಂತಿಲ್ಲ.