ನಮಗೆಲ್ಲ ಮೂರು, ಅವನಿಗೆ ಮಾತ್ರ ಐದು

ಅಪ್ರೈಸಲ್ ಬಂತು ಕಣ್ರೀ. ಐದಕ್ಕೆ ಅಂಕ. ಕೆಲಸದ ಗುಣಮಟ್ಟ, ವೇಗ, ಸಹಕಾರ, ಸಮಯಪಾಲನೆ ಅಂತ ನಾಲ್ಕು ಕಾಲಂ. ನನಗೆ ನಾಲ್ಕರಲ್ಲೂ 3.

ಬರೀ ನನ್ನ ಸಾಲು ನೋಡಿದ್ರೆ ಏನೂ ಹೇಳೋಕಾಗಲ್ಲ. ನಾನು ನಿಜಕ್ಕೂ ಸಾಧಾರಣ ಇರಬಹುದು. ಟೀ ಟೈಮಲ್ಲಿ ಆರೂ ಜನ ಅಂಕ ಹೇಳ್ಕೊಂಡಾಗ ಬಣ್ಣ ಬಯಲಾಯ್ತು. ಐದು ಜನಕ್ಕೆ ಎಲ್ಲದರಲ್ಲೂ 3! ರಾತ್ರಿ ಎಲ್ಲ ಕೂತು ತಿಂಗಳ ಕೊನೆಯ ಲೆಕ್ಕ ಮುಗಿಸೋಳಿಗೂ 3, ಅವಳ ಕೈಲಿ ದಿನಾ ತಪ್ಪು ತಿದ್ದಿಸ್ಕೊಳ್ಳೋನಿಗೂ 3. ಎಲ್ಲರನ್ನೂ ನಡುವಿನ ಅಂಕಕ್ಕೇ ತಂದು ಕೂರಿಸೋ ಈ ತಪ್ಪೇ ಅಪ್ಪಟ ಸೆಂಟ್ರಲ್ ಟೆಂಡೆನ್ಸಿ. ಕಾರಣಾನೂ ಗೊತ್ತು. ಫಾರ್ಮಿನಲ್ಲಿ 1 ಅಥವಾ 5 ಕೊಟ್ರೆ ಕೆಳಗೆ ಕಾರಣ ಬರೀಬೇಕು, 3 ಕೊಟ್ರೆ ಏನೂ ಬರೀಬೇಕಾಗಿಲ್ಲ. ಯಾರ ಕೆಲಸವನ್ನೂ ನೋಡದ ಮ್ಯಾನೇಜರ್‌ಗೆ ಇದಕ್ಕಿಂತ ಸುಖ ಬೇಕಾ?

ಆರನೆಯವನಿಗೆ ಮಾತ್ರ ಸಾಲುದ್ದಕ್ಕೂ 5. ಕ್ಲೈಂಟ್ ಮುಂದೆ ಪಟಪಟ ಇಂಗ್ಲಿಷಲ್ಲಿ ಪ್ರೆಸೆಂಟೇಶನ್ ಕೊಡ್ತಾನೆ, ಒಪ್ಕೋತೀನಿ, ಚೆನ್ನಾಗೇ ಕೊಡ್ತಾನೆ. ಆದ್ರೆ ಸಮಯಪಾಲನೆಗೂ 5? ಹತ್ತೂವರೆಗೆ ಮುಂಚೆ ಅವನ ಮುಖ ಕಂಡೋರಿಲ್ಲ, ಗೇಟಿನ ಪಂಚಿಂಗ್ ದಾಖಲೆ ಮ್ಯಾನೇಜರ್ ಸಿಸ್ಟಮ್‌ನಲ್ಲೇ ಇದೆ! ಒಂದು ಗುಣದ ಪ್ರಭೆ ಮಿಕ್ಕಿದ್ದಕ್ಕೆಲ್ಲ ಹರಡೋ ಇದೇ ಹೇಲೋ ಎಫೆಕ್ಟ್. ಥಾರ್ನ್‌ಡೈಕ್ ಅನ್ನೋ ಮನಃಶಾಸ್ತ್ರಜ್ಞ 1920ರಲ್ಲೇ ಬರೆದಿಟ್ಟಿದ್ದಾನೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವಕ್ಕೆ ಬೇರೆಬೇರೆ ಅಂಕ ಕೊಡಿ ಅಂದ್ರೆ, ಎಲ್ಲ ಒಂದಕ್ಕೊಂದು ಅಂಟ್ಕೊಂಡೇ ಬರ್ತಿದ್ವಂತೆ.

ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಇದರ ಬಗ್ಗೆ ಮ್ಯಾನೇಜರ್‌ಗಳಿಗೆ ಟ್ರೈನಿಂಗ್ ಆಗಿದೆ. "ಒಬ್ಬ ಉದ್ಯೋಗಿ ಚೆನ್ನಾಗಿ ಮಾತಾಡ್ತಾನೆ ಅಂತ ಮೇಲಧಿಕಾರಿ ಅವನಿಗೆ ಹಾಜರಾತಿಯಲ್ಲೂ ಪೂರ್ತಿ ಅಂಕ ಕೊಟ್ಟರು, ಇದು ಯಾವ ತಪ್ಪು?" ಅನ್ನೋ ಥರದ ಪ್ರಶ್ನೆಗಳು. ನಮ್ಮ ಸಾಹೇಬ್ರು ಎಲ್ಲಕ್ಕೂ ಸರಿಯುತ್ತರ ಟಿಕ್ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದಾರೆ. ಪ್ರಶ್ನೆಪತ್ರಿಕೆಯ ಮೇಲಧಿಕಾರಿಯ ತಪ್ಪು ಕಂಡಿತು, ತನ್ನದು ಕಾಣಲಿಲ್ಲ.

ಒಬ್ಬೊಬ್ಬರ ಫಾರ್ಮ್ ತೆಗೆದು ನಾಲ್ಕೂ ಕಾಲಂ ಒಂದೇ ಉಸಿರಲ್ಲಿ ತುಂಬೋ ಬದಲು, ಮೊದಲು ಆರೂ ಜನರ ಸಮಯಪಾಲನೆ, ಆಮೇಲೆ ಆರೂ ಜನರ ವೇಗ, ಹೀಗೆ ಹೋಗಿದ್ರೆ ಆ 5 ಬರೆಯೋವಾಗ ಕೈ ಸ್ವಲ್ಪನಾದ್ರೂ ತಡೀತಿತ್ತು. ಅದನ್ನ ಹೇಳಿದ್ದಕ್ಕೆ ಎಚ್‌ಆರ್ ಕೊಟ್ಟ ಉತ್ತರ: "ಮುಂದಿನ ವರ್ಷ ಬೆಲ್ ಕರ್ವ್ ತರ್ತೀವಿ." ತನ್ನಿ. ಇಷ್ಟು ಜನಕ್ಕೆ ಮೇಲಿನ ಅಂಕ, ಇಷ್ಟು ಜನಕ್ಕೆ ಕೆಳಗಿನದು ಅಂತ ಮೊದಲೇ ಕೋಟಾ ಕಟ್ಟೋ ಪದ್ಧತಿ ಅದು. ಎಲ್ಲರಿಗೂ 3 ಕೊಡೋದು ಅದರಿಂದ ನಿಲ್ಲುತ್ತೆ, ನಿಜ. ಆದ್ರೆ ಮೇಲಿನ ಜಾಗಕ್ಕೆ ಅದೇ ಇಂಗ್ಲಿಷ್ ಮಹಾಶಯ ಕೂರ್ತಾನೆ, ಕೋಟಾ ತುಂಬೋಕೆ ನಮ್ಮೈದು ಜನರಲ್ಲಿ ಯಾರನ್ನೋ 2ಕ್ಕೆ ತಳ್ತಾರೆ.